ಗ್ರೂಪ್ ಫೋಟೋದಲ್ಲಿ ಒಬ್ಬರ ಕಣ್ಣು ಮುಚ್ಚಿದ್ದರೆ: ಮುಖ ಬದಲಾಗದಂತೆ ತೆರೆಸುವ ವಿಧಾನ

ಎಐ ಫೋಟೋ ಎಡಿಟರಿಗೆ ಇಡೀ ಗ್ರೂಪ್ ಫೋಟೋ ಕೊಟ್ಟು ‘ಇವರ ಕಣ್ಣು ತೆರೆಸು’ ಎಂದು ಬರೆದರೆ ಕಣ್ಣು ತೆರೆಯುತ್ತದೆ. ಆದರೆ ಅದರ ಜೊತೆಗೆ ಉಳಿದವರ ಮುಖಗಳೂ ಒಂದಿಷ್ಟು ಬದಲಾಗಿರುತ್ತವೆ. ಒಬ್ಬರ ಮೂಗು ಸ್ವಲ್ಪ ಸಣ್ಣದಾಗಿರುತ್ತದೆ, ಇನ್ನೊಬ್ಬರ ಬಣ್ಣ ತಿಳಿಯಾಗಿರುತ್ತದೆ, ಇಳಕಲ್ ಸೀರೆಯ ಸೆರಗಿನ ಗೆರೆಗಳು ಕಲಸಿ ಹೋಗಿರುತ್ತವೆ. ಮೊಬೈಲ್ ಪರದೆಯಲ್ಲಿ ಗೊತ್ತಾಗದ ಈ ಬದಲಾವಣೆ ಪ್ರಿಂಟ್ ಹಾಕಿಸಿ ಗೋಡೆಗೆ ತೂಗುಹಾಕಿದ ದಿನ ಮನೆಮಂದಿಗೆಲ್ಲ ಕಾಣುತ್ತದೆ.

ಇದಕ್ಕೆ ಕಾರಣ ಸರಳವಾಗಿದೆ. ಜೆಮಿನಿ, ಚಾಟ್‌ಜಿಪಿಟಿ ಮುಂತಾದ ಟೂಲ್‌ಗಳು ನೀವು ಕೊಟ್ಟ ಫೋಟೋದ ಮೇಲೆ ಕುಂಚ ಆಡಿಸುವುದಿಲ್ಲ. ಅದನ್ನು ನೋಡಿಕೊಂಡು ಇನ್ನೊಂದು ಚಿತ್ರವನ್ನೇ ಹೊಸದಾಗಿ ಬರೆದು ಕೊಡುತ್ತವೆ. ಬರೆದು ಕೊಡುವ ಅಳತೆಯೂ ಸಾಮಾನ್ಯವಾಗಿ ಚಿಕ್ಕದು. ಮೊಬೈಲಿನ 12 ಮೆಗಾಪಿಕ್ಸೆಲ್ ಫೋಟೋ 4000 ಪಿಕ್ಸೆಲ್ ಅಗಲ ಇರುತ್ತದೆ. ಹಲವು ಟೂಲ್‌ಗಳಿಂದ ಮರಳಿ ಬರುವುದು ಸುಮಾರು 1200 ಪಿಕ್ಸೆಲ್ ಅಗಲದ್ದು. ಮೂಲದಲ್ಲಿ 280 ಪಿಕ್ಸೆಲ್ ಅಗಲವಿದ್ದ ಮುಖ ಅಲ್ಲಿ 84 ಪಿಕ್ಸೆಲ್ ಆಗುತ್ತದೆ. ಒಂದು ಕಣ್ಣು ಮುಖದ ಅಗಲದ ಸುಮಾರು ಐದನೇ ಒಂದು ಭಾಗ, ಅಂದರೆ ಬರೀ 17 ಪಿಕ್ಸೆಲ್. ಅಷ್ಟು ಜಾಗದಲ್ಲಿ ‘ನಮ್ಮವರ ಕಣ್ಣು’ ಬರೆಯುವುದು ಯಾವ ಟೂಲಿಗೂ ಆಗದ ಮಾತು. ಅದು ಯಾರದೋ ಕಣ್ಣನ್ನು ಬರೆಯುತ್ತದೆ.

ಆದ್ದರಿಂದ ಟೂಲಿನಿಂದ ಇಡೀ ಫೋಟೋ ಕೇಳಬಾರದು. ಒಂದು ಮುಖ ಮಾತ್ರ ಕೊಟ್ಟು, ಅದರಿಂದ ಎರಡು ಕಣ್ಣು ಮಾತ್ರ ತೆಗೆದುಕೊಂಡು, ಮೂಲ ಫೋಟೋದ ಮೇಲೆ ಕೂರಿಸಬೇಕು. ಮುಂದಿನದೆಲ್ಲ ಈ ಒಂದು ಕೆಲಸದ ವಿವರ.

ಉದಾಹರಣೆಗೆ ಒಂದು ಫೋಟೋ ಇಟ್ಟುಕೊಳ್ಳೋಣ. ಹುಬ್ಬಳ್ಳಿಯ ಕಲ್ಯಾಣ ಮಂಟಪವೊಂದರಲ್ಲಿ ಅಕ್ಷತೆ ಆದ ಮೇಲೆ ಮೊಬೈಲಿನಲ್ಲಿ ತೆಗೆದದ್ದು, 4000×3000 ಪಿಕ್ಸೆಲ್. ಎರಡು ಸಾಲು, ಸಾಲಿಗೆ ಏಳು, ಒಟ್ಟು 14 ಮಂದಿ. ಹಿಂದಿನ ಸಾಲಿನಲ್ಲಿ ಎಡದಿಂದ ಮೂರನೆಯವರು ಮದುಮಗನ ಕಾಕಾ. ಕೇಸರಿ ಪಟಗಾ, ಹಣೆಗೆ ವಿಭೂತಿ, ಬಿಳಿ ಮೀಸೆ, ಚಾಳೀಸು. ಸಣ್ಣಗೆ ನಗುತ್ತಿದ್ದಾರೆ, ಕಣ್ಣು ಪೂರ್ತಿ ಮುಚ್ಚಿದೆ.

ಮೊದಲು ಉಳಿದ ಶಾಟ್‌ಗಳನ್ನು ಹುಡುಕಿ

ಎಐ ಬೇಕೇ ಬೇಕು ಎಂದು ತೀರ್ಮಾನಿಸುವ ಮೊದಲು ಅದೇ ನಿಲುವಿನ ಬೇರೆ ಶಾಟ್ ಇದೆಯೇ ನೋಡಿ. ಮನುಷ್ಯ ನಿಮಿಷಕ್ಕೆ ಸುಮಾರು 15ರಿಂದ 20 ಸಲ ರೆಪ್ಪೆ ಬಡಿಯುತ್ತಾನೆ. ಒಂದೊಂದು ಬಡಿತವೂ ಸೆಕೆಂಡಿನ ಹತ್ತನೇ ಒಂದು ಭಾಗದಿಂದ ಹತ್ತನೇ ನಾಲ್ಕು ಭಾಗದವರೆಗೆ ಇರುತ್ತದೆ. 14 ಮಂದಿ ನಿಂತಲ್ಲಿ ಯಾರಾದರೊಬ್ಬರ ಕಣ್ಣು ಮುಚ್ಚಿರುವುದು ಸಹಜವೇ. ಆಸ್ಟ್ರೇಲಿಯಾದ ವಿಜ್ಞಾನ ಸಂಶೋಧನಾ ಸಂಸ್ಥೆ ಸಿಎಸ್‌ಐಆರ್‌ಒದ ನಿಕ್ ಸ್ವೆನ್ಸನ್ ಮತ್ತು ಪಿಯರ್ಸ್ ಬಾರ್ನ್ಸ್ ಇದರ ಲೆಕ್ಕವನ್ನೇ ಮಾಡಿದರು. 20ಕ್ಕಿಂತ ಕಡಿಮೆ ಮಂದಿಯ ಗುಂಪಾದರೆ ಒಳ್ಳೆಯ ಬೆಳಕಿನಲ್ಲಿ ಮಂದಿಯ ಸಂಖ್ಯೆಯನ್ನು 3ರಿಂದ, ಕಡಿಮೆ ಬೆಳಕಿನಲ್ಲಿ 2ರಿಂದ ಭಾಗಿಸಿದಷ್ಟು ಫೋಟೋ ತೆಗೆಯಬೇಕು. ಆಗ ಎಲ್ಲರ ಕಣ್ಣೂ ತೆರೆದ ಒಂದಾದರೂ ಫೋಟೋ ಹೆಚ್ಚುಕಡಿಮೆ ಖಚಿತವಾಗಿ ಸಿಗುತ್ತದೆ. ಈ ಲೆಕ್ಕಕ್ಕೆ 2006ರ ಇಗ್ ನೊಬೆಲ್ ಗಣಿತ ಬಹುಮಾನವೂ ಬಂತು. ನಗು ಬರಿಸುವ ಬಹುಮಾನವಾದರೂ ಲೆಕ್ಕ ಉಪಯೋಗದ್ದು: ನಮ್ಮ 14 ಮಂದಿಗೆ ಬಯಲಿನಲ್ಲಿ 5 ಶಾಟ್, ಮಂಟಪದ ಒಳಗೆ 7 ಶಾಟ್.

ಫೋಟೋಗ್ರಾಫರ್ ಇದ್ದ ಲಗ್ನವಾದರೆ ಅವರ ಕಾರ್ಡಿನಲ್ಲಿ ಮೂರು ನಾಲ್ಕು ಶಾಟ್ ಇದ್ದೇ ಇರುತ್ತವೆ, ಅಲ್ಬಮ್ಮಿಗೆ ಒಂದನ್ನು ಆರಿಸಿರುತ್ತಾರೆ ಅಷ್ಟೆ. ಮೊಬೈಲಿನಲ್ಲಿ ತೆಗೆದದ್ದಾದರೆ ಅದು ಮೋಷನ್ ಫೋಟೋ ಅಥವಾ ಲೈವ್ ಫೋಟೋ ಆಗಿದೆಯೇ ನೋಡಿ; ಕ್ಲಿಕ್ಕಿನ ಹಿಂದೆಮುಂದಿನ ಕ್ಷಣಗಳು ಅದರೊಳಗೇ ಇರುತ್ತವೆ. ಹಾಗೆ ಸಿಕ್ಕಿದ ಶಾಟಿನಲ್ಲಿ ಕಾಕಾ ಅದೇ ಕೋನದಲ್ಲಿ, ಕಣ್ಣು ತೆರೆದು ನಿಂತಿದ್ದರೆ ಪ್ರಾಂಪ್ಟ್, ಅಂದರೆ ಟೂಲಿಗೆ ಬರೆದು ಕೊಡುವ ಸೂಚನೆಯ ಗೋಜೇ ಬೇಡ. ಆ ಕಣ್ಣನ್ನೇ ಕತ್ತರಿಸಿ, ಬೇಡದ ಭಾಗವನ್ನು ಮರೆಮಾಡುವ ಮಾಸ್ಕ್ ವಿಧಾನದಿಂದ ಕೂರಿಸಿ; ಅದನ್ನು ಕೆಳಗೆ ಹೇಳಿದೆ. ಅದು ಅವರದೇ ಕಣ್ಣು, ಅದೇ ಬೆಳಕು, ಅದೇ ಕ್ಯಾಮೆರಾ. ಯಾವ ಎಐ ಕೂಡ ಇದಕ್ಕಿಂತ ಚೆನ್ನಾಗಿ ಕೊಡಲಾರದು.

ನಮ್ಮ ಉದಾಹರಣೆಯಲ್ಲಿ ಇನ್ನೆರಡು ಶಾಟ್ ಇವೆ. ಒಂದರಲ್ಲಿ ಕಾಕಾ ಪಕ್ಕದವರ ಕಡೆ ತಿರುಗಿದ್ದಾರೆ, ಇನ್ನೊಂದು ಅಲುಗಿ ಮಸುಕಾಗಿದೆ. ಹಾಗಾಗಿ ಪ್ರಾಂಪ್ಟಿನ ದಾರಿ.

ಮುಚ್ಚಿದ್ದು ಕಣ್ಣೇ, ಅಥವಾ ಬೇರೇನೋ?

ಕಣ್ಣು ಮುಚ್ಚಿದಂತೆ ಕಾಣುವುದೆಲ್ಲ ರೆಪ್ಪೆ ಬಡಿತವಲ್ಲ. ಬಿಸಿಲಿಗೆ ಎದುರಾಗಿ ನಿಂತು ಕಣ್ಣು ಕಿರಿದು ಮಾಡಿದ್ದರೆ ಹುಬ್ಬು ಕೆಳಗಿಳಿದು, ಕೆನ್ನೆ ಮೇಲೆದ್ದು, ಕಣ್ಣಿನ ತುದಿಯಲ್ಲಿ ಗೆರೆ ಬಿದ್ದಿರುತ್ತವೆ. ಆ ಮುಖದ ಮೇಲೆ ಅಗಲವಾದ ಕಣ್ಣು ಇಟ್ಟರೆ ಮೇಲಿನರ್ಧ ಒಬ್ಬರದು, ಕೆಳಗಿನರ್ಧ ಇನ್ನೊಬ್ಬರದು ಎಂಬಂತೆ ಕಾಣುತ್ತದೆ. ಅಂಥ ಫೋಟೋದಲ್ಲಿ ಪಕ್ಕದವರೆಲ್ಲರೂ ಕಣ್ಣು ಕಿರಿದು ಮಾಡಿಕೊಂಡೇ ಇರುತ್ತಾರೆ. ಒಬ್ಬರ ಕಣ್ಣು ಮಾತ್ರ ಅರಳಿದ್ದರೆ ನೋಡುವವರ ದೃಷ್ಟಿ ಮೊದಲು ಅಲ್ಲಿಗೇ ಹೋಗುತ್ತದೆ. ‘ಸ್ವಲ್ಪ ಮಾತ್ರ ತೆರೆ’ ಎಂದು ಕೇಳಿದರೆ ಸಾಕು.

ತಲೆ ಬಗ್ಗಿಸಿ ಮಗುವನ್ನೋ ಕೈಯಲ್ಲಿನ ಅಕ್ಷತೆಯನ್ನೋ ನೋಡುತ್ತಿರುವವರ ರೆಪ್ಪೆ ಇಳಿದಿರುವುದು ಸರಿಯಾದ ಸ್ಥಿತಿ. ಅವರ ಕಣ್ಣನ್ನು ಕ್ಯಾಮೆರಾ ಕಡೆ ತಿರುಗಿಸಿದರೆ ಹುಬ್ಬಿನ ಕೆಳಗಿನಿಂದ ದುರುಗುಟ್ಟಿದ ಹಾಗೆ ಆಗುತ್ತದೆ. ಅದನ್ನು ಹಾಗೇ ಬಿಡಿ. ಹುಟ್ಟಿನಿಂದ ಒಂದು ರೆಪ್ಪೆ ಜೋತವರು, ಒಂದು ಕಣ್ಣು ಸಣ್ಣದಿರುವವರು, ದೃಷ್ಟಿ ಇಲ್ಲದವರು ಇರುತ್ತಾರೆ. ಅವರ ಮುಖ ಹಾಗೆಯೇ ಅವರದು, ಅಲ್ಲಿ ತಿದ್ದಲು ಏನೂ ಇಲ್ಲ.

ಮೂಲ ಫೈಲು, ಕತ್ತರಿಸುವ ಅಳತೆ

ವಾಟ್ಸಾಪಿನಲ್ಲಿ ಬಂದ ಫೋಟೋದ ಮೇಲೆ ಕೆಲಸ ಶುರು ಮಾಡಬೇಡಿ. ಅದು ಕುಗ್ಗಿ ಬಂದಿರುತ್ತದೆ, ಕಣ್ಣಿನ ಸುತ್ತ ಚೌಕಚೌಕದ ಕಲೆ ಬಿದ್ದಿರುತ್ತದೆ. ಟೂಲು ಆ ಕಲೆಯನ್ನೂ ಚರ್ಮವೆಂದೇ ತಿಳಿಯುತ್ತದೆ. ತೆಗೆದವರಿಗೆ ಹೇಳಿ ಮೂಲ ಫೈಲನ್ನು ಡಾಕ್ಯುಮೆಂಟ್ ಆಗಿ ಕಳಿಸಲು ಕೇಳಿ, ಇಲ್ಲವೇ ಡ್ರೈವ್ ಲಿಂಕ್ ತರಿಸಿಕೊಳ್ಳಿ.

ಕತ್ತರಿಸಿ ಅಂಟಿಸಲು ಲೇಯರ್, ಅಂದರೆ ಒಂದರ ಮೇಲೊಂದು ಇಡುವ ಚಿತ್ರದ ಪದರಗಳು ಇರುವ ಯಾವ ಎಡಿಟರ್ ಆದರೂ ನಡೆಯುತ್ತದೆ. ಇಲ್ಲಿ ಫೋಟೋಪಿಯಾ ಇಟ್ಟುಕೊಂಡಿದ್ದೇವೆ. ದುಡ್ಡು ಕೊಡಬೇಕಿಲ್ಲ, ಬ್ರೌಸರಿನಲ್ಲೇ ತೆರೆಯುತ್ತದೆ, ತೆರೆದ ಫೈಲು ನಿಮ್ಮ ಕಂಪ್ಯೂಟರಿನಲ್ಲೇ ಉಳಿಯುತ್ತದೆ. ಮೊಬೈಲ್ ಬ್ರೌಸರಿನಲ್ಲೂ ತೆರೆಯಬಹುದು. ಆದರೆ ಬೆರಳ ತುದಿಯಲ್ಲಿ ಕಣ್ಣಿನ ಮಾಸ್ಕ್ ಬಿಡಿಸುವುದು ಕಷ್ಟ, ಈ ಭಾಗಕ್ಕೆ ಕಂಪ್ಯೂಟರ್ ಮುಂದೆ ಕೂರುವುದೇ ಒಳಿತು.

ಫೋಟೋ ತೆರೆದು, ಕಾಕಾನ ಮುಖವನ್ನು ನಡುವೆ ಇಟ್ಟು 512×512 ಪಿಕ್ಸೆಲಿನ ಚೌಕ ಆಯ್ಕೆ ಮಾಡಿ. ಮುಖದ ಅಗಲ 280 ಇರುವುದರಿಂದ ಚೌಕದ ಅರ್ಧಕ್ಕಿಂತ ತುಸು ಹೆಚ್ಚು ಜಾಗ ಮುಖಕ್ಕೆ ಹೋಗುತ್ತದೆ. ಪಟಗಾ, ಗಲ್ಲ, ಹೆಗಲಿನ ಒಂದಷ್ಟು ಭಾಗವೂ ಬರುತ್ತದೆ. ಇಷ್ಟು ಬೇಕೇ ಬೇಕು. ಬರೀ ಕಣ್ಣಿನ ಪಟ್ಟಿ ಕತ್ತರಿಸಿ ಕೊಟ್ಟರೆ ತಲೆ ಯಾವ ಕಡೆ ವಾಲಿದೆ, ಬೆಳಕು ಯಾವ ಕಡೆಯಿಂದ ಬಂದಿದೆ ಎಂಬುದು ಟೂಲಿಗೆ ತಿಳಿಯುವುದಿಲ್ಲ. ಹಾಗೆಂದು ಪಕ್ಕದವರ ಮುಖ ಪೂರ್ತಿ ಒಳಗೆ ಬರಲೂಬಾರದು. ಎರಡು ಮುಖ ಸಿಕ್ಕರೆ ಅದು ಎರಡನ್ನೂ ತಿದ್ದಲು ಹೋಗುತ್ತದೆ. ಪಕ್ಕದವರ ಕಿವಿಯೋ ಕೆನ್ನೆಯ ಅಂಚೋ ಬಂದರೆ ಅಡ್ಡಿಯಿಲ್ಲ.

ಚೌಕವೇ ಏಕೆ, 512 ಏಕೆ ಎಂದರೆ ಹಲವು ಟೂಲ್‌ಗಳು ಚೌಕ ಚಿತ್ರಕ್ಕೆ 1024×1024 ಅಳತೆಯಲ್ಲಿ ಉತ್ತರ ಕೊಡುತ್ತವೆ. ಅದನ್ನು ಸರಿಯಾಗಿ ಅರ್ಧಕ್ಕೆ ಇಳಿಸಿದರೆ ಮೂಲದ ಮೇಲೆ ಕೂರುತ್ತದೆ. ಚೌಕವಲ್ಲದ ತುಂಡು ಕೊಟ್ಟರೆ ಟೂಲು ತನಗೆ ಬೇಕಾದ ಆಕಾರಕ್ಕೆ ಎಳೆದೋ ಕತ್ತರಿಸಿಯೋ ಕೊಡಬಹುದು, ಆಮೇಲೆ ಹೊಂದಿಸುವುದೇ ದೊಡ್ಡ ತಲೆನೋವು. ಕ್ಯಾಮೆರಾದ ದೊಡ್ಡ ಫೈಲಾಗಿ ಮುಖವೇ 500 ಪಿಕ್ಸೆಲ್ ಇದ್ದರೆ 1024ರ ಚೌಕವನ್ನೇ ಕತ್ತರಿಸಿ.

ಆಯ್ಕೆ ಮಾಡಿದ ಮೇಲೆ `Ctrl+C` ಒತ್ತಿ, ಅದೇ ಅಳತೆಯ ಹೊಸ ಕಡತದಲ್ಲಿ ಅಂಟಿಸಿ, ಪಿಎನ್‌ಜಿ ಆಗಿ ಉಳಿಸಿ. ಮತ್ತೆ ಮೂಲ ಫೋಟೋಗೆ ಬಂದು, ಆಯ್ಕೆ ಬಿಡದೆ `Ctrl+J` ಒತ್ತಿದರೆ ಆ ಚೌಕ ಅದೇ ಜಾಗದಲ್ಲಿ ಪ್ರತ್ಯೇಕ ಲೇಯರ್ ಆಗಿ ಉಳಿಯುತ್ತದೆ. ತಿದ್ದಿದ ತುಂಡು ಮರಳಿ ಬಂದಾಗ ಎಲ್ಲಿ ಇಡಬೇಕು ಎಂಬುದಕ್ಕೆ ಇದೇ ಗುರುತು.

ತೋರಿಸಲು ಇನ್ನೊಂದು ಫೋಟೋ

ಮುಚ್ಚಿದ ರೆಪ್ಪೆಯ ಹಿಂದೆ ಇರುವ ಕಣ್ಣು ಹೇಗಿದೆ ಎಂದು ಟೂಲಿಗೆ ಗೊತ್ತಾಗುವ ದಾರಿಯೇ ಇಲ್ಲ. ಕಾಕಾನದು ಒಳಗಿಳಿದ ಕಣ್ಣೋ, ಮೇಲಿನ ರೆಪ್ಪೆಗೆ ಮಡಿಕೆ ಇದೆಯೋ, ವಯಸ್ಸಿಗೆ ಬಿಳಿಭಾಗ ಮಾಸಿದೆಯೋ, ಅದಕ್ಕೇನು ಗೊತ್ತು? ತೋರಿಸದಿದ್ದರೆ ಸರಾಸರಿ ಕಣ್ಣೊಂದನ್ನು ಬರೆಯುತ್ತದೆ, ಆ ಕಣ್ಣು ಸಾಮಾನ್ಯವಾಗಿ ಇಪ್ಪತ್ತೈದರ ಹರೆಯದ್ದಾಗಿರುತ್ತದೆ. ಮನೆಯವರು ‘ಚಲೋ ಬಂದೈತಿ, ಆದ್ರ ಇದು ನಮ್ಮ ಕಾಕಾನ ಕಣ್ಣಲ್ಲ ಬಿಡ್ರಿ’ ಎನ್ನುವುದು ಈ ಕಾರಣಕ್ಕೆ.

ಆದ್ದರಿಂದ ಅವರದೇ ಕಣ್ಣು ತೆರೆದ ಫೋಟೋ ಒಂದನ್ನು ಜೊತೆಗೆ ಕೊಡಿ. ಅದೇ ದಿನದ್ದು ಸಿಕ್ಕರೆ ಎಲ್ಲಕ್ಕಿಂತ ಒಳ್ಳೆಯದು. ಊಟದ ಪಂಕ್ತಿಯಲ್ಲಿಯೋ ಮಂಟಪದ ಬಾಗಿಲಲ್ಲಿಯೋ ಯಾರಾದರೂ ತೆಗೆದಿರುತ್ತಾರೆ. ಅದೇ ಚಾಳೀಸು, ಹೆಚ್ಚುಕಡಿಮೆ ಅದೇ ಕೋನ ಇರಲಿ. ಗುಂಪಿನಲ್ಲಿ ನೇರ ನೋಡುತ್ತಿರುವವರಿಗೆ ಪಕ್ಕದಿಂದ ತೆಗೆದ ಫೋಟೋ ತೋರಿಸಿದರೆ ಪ್ರಯೋಜನವಿಲ್ಲ. ಇಪ್ಪತ್ತು ವರ್ಷದ ಹಿಂದಿನ ಪಾಸ್‌ಪೋರ್ಟ್ ಫೋಟೋ ಕೊಟ್ಟರೆ ಇಪ್ಪತ್ತು ವರ್ಷದ ಹಿಂದಿನ ಕಣ್ಣೇ ಬರುತ್ತದೆ. ಇದನ್ನೂ ಮುಖದ ಸುತ್ತ ಚೌಕವಾಗಿ ಕತ್ತರಿಸಿ ಇಡಿ. ಒಂದು ಸಾಕು, ಹೆಚ್ಚೆಂದರೆ ಎರಡು. ಐದಾರು ಕೊಟ್ಟರೆ ಎಲ್ಲವನ್ನೂ ಬೆರೆಸಿ ಹೊಸ ಮನುಷ್ಯನನ್ನೇ ಮಾಡಿಕೊಡುವ ಸಾಧ್ಯತೆ ಇದೆ.

ಮುಖವನ್ನು ಹೊರಗಿನ ಸರ್ವರಿಗೆ ಕಳಿಸುತ್ತಿದ್ದೇವೆ ಎಂಬುದು ನೆನಪಿರಲಿ. ಕಾಕಾನಿಗೊಂದು ಮಾತು ಹೇಳಿ ಮುಂದುವರಿಯಿರಿ. ಮಕ್ಕಳ ಫೋಟೋ ಆದರೆ ಅಪ್ಪ ಅಮ್ಮನನ್ನು ಕೇಳದೆ ಕಳಿಸಬೇಡಿ. ಕೆಲವು ಟೂಲ್‌ಗಳು ಮಕ್ಕಳ ಮುಖ ತಿದ್ದಲು ಒಪ್ಪುವುದೂ ಇಲ್ಲ.

ಪ್ರಾಂಪ್ಟ್

ಕತ್ತರಿಸಿದ ತುಂಡನ್ನು ಮೊದಲು, ತೋರಿಸುವ ಫೋಟೋವನ್ನು ಎರಡನೆಯದಾಗಿ ಹಾಕಿ. ಆಮೇಲೆ ಹೀಗೆ ಬರೆಯಿರಿ:

```
ಮೊದಲ ಚಿತ್ರವನ್ನು ಮಾತ್ರ ತಿದ್ದು. ಈ ಹಿರಿಯರ ಮುಚ್ಚಿದ ಎರಡೂ
ಕಣ್ಣುಗಳನ್ನು ಸಹಜವಾಗಿ ತೆರೆ. ನೋಟ ಕ್ಯಾಮೆರಾ ಕಡೆಗಿರಲಿ.
ಕಣ್ಣಿನ ಆಕಾರ, ಬಣ್ಣ, ರೆಪ್ಪೆಯ ಮಡಿಕೆ ಎರಡನೇ ಚಿತ್ರದಲ್ಲಿ
ಇರುವಂತೆಯೇ ಇರಲಿ. ಸಣ್ಣಗೆ ನಗುವಾಗ ಇರುವಷ್ಟೇ ಕಣ್ಣು ತೆರೆದಿರಲಿ.
ಬೆಳಕು ಎಡ ಮೇಲಿನಿಂದ ಬರುತ್ತಿದೆ. ಹುಬ್ಬು, ಸುಕ್ಕು, ಚರ್ಮದ ಬಣ್ಣ,
ಕನ್ನಡಕ, ವಿಭೂತಿ, ಪಟಗಾ, ಹಿನ್ನೆಲೆ, ಚೌಕಟ್ಟು ಈಗಿರುವಂತೆಯೇ ಉಳಿಯಲಿ.
```

ಕನ್ನಡದಲ್ಲಿ ಬರೆದದ್ದು ಸರಿಯಾಗಿ ಹಿಡಿಯದ ಟೂಲ್ ಆದರೆ ಇಂಗ್ಲಿಷಿನಲ್ಲಿ:

```
Edit only the first image. Open this man's closed eyes
naturally, looking at the camera. Match eye shape, colour
and eyelid folds to the second image. Open them only as far
as in a gentle smile. Light is from upper left. Keep brows,
wrinkles, skin tone, glasses, vibhuti, turban, background
and framing exactly as they are.
```

ಇದರಲ್ಲಿ ಒಂದೊಂದು ವಾಕ್ಯಕ್ಕೂ ಒಂದು ಕೆಲಸವಿದೆ. ‘ಮೊದಲ ಚಿತ್ರ ಮಾತ್ರ’ ಎಂದು ಹೇಳದಿದ್ದರೆ ಕೆಲವು ಸಲ ಎರಡನೇ ಫೋಟೋವನ್ನೇ ತಿದ್ದಿ ಕೊಡುತ್ತದೆ, ಇಲ್ಲವೇ ಎರಡನ್ನೂ ಅಕ್ಕಪಕ್ಕ ಜೋಡಿಸಿ ಕೊಡುತ್ತದೆ. ಎಷ್ಟು ತೆರೆಯಬೇಕು ಎಂಬ ಮಾತು ಇಡೀ ಪ್ರಾಂಪ್ಟಿನ ಜೀವ. ಬರೀ ‘ತೆರೆ’ ಎಂದರೆ ಟೂಲು ಅಳತೆ ಮೀರಿ ತೆರೆಯುತ್ತದೆ, ನಗುವ ಬಾಯಿಗೂ ಬೆಚ್ಚಿದ ಕಣ್ಣಿಗೂ ತಾಳೆಯಾಗುವುದಿಲ್ಲ. ಬೆಳಕಿನ ದಿಕ್ಕನ್ನು ಊಹಿಸಿ ಬರೆಯಬೇಡಿ. ಪಕ್ಕದಲ್ಲಿ ನಿಂತವರ ಕಣ್ಣನ್ನು ದೊಡ್ಡದು ಮಾಡಿ ನೋಡಿದರೆ ಕಪ್ಪು ಗುಡ್ಡೆಯ ಮೇಲೆ ಬೆಳಕಿನ ಪುಟ್ಟ ಚುಕ್ಕೆ ಕಾಣುತ್ತದೆ. ಅದು ಯಾವ ಬದಿಗಿದೆಯೋ ಬೆಳಕು ಆ ಬದಿಯಿಂದ ಬಂದಿದೆ. ಮಂಟಪಗಳಲ್ಲಿ ವಿಡಿಯೋದವರ ಲೈಟು ಒಂದು ಪಕ್ಕದಿಂದ ಬೀಳುವುದರಿಂದ ಇದು ಸಾಮಾನ್ಯವಾಗಿ ಸ್ಪಷ್ಟವಾಗಿರುತ್ತದೆ.

ಉಳಿಯಬೇಕಾದದ್ದನ್ನು ಹೆಸರು ಹಿಡಿದು ಬರೆಯಿರಿ. ‘ಬೇರೇನೂ ಬದಲಿಸಬೇಡ’ ಎಂಬುದು ಟೂಲಿಗೆ ತೆಳುವಾದ ಮಾತು. ವಿಭೂತಿ, ಸುಕ್ಕು, ಪಟಗಾ ಎಂದು ಹೇಳಿದರೆ ಅವುಗಳ ಮೇಲೆ ಗಮನ ಇರುತ್ತದೆ. ಹೆಣ್ಣುಮಕ್ಕಳ ಫೋಟೋ ಆದರೆ ಕುಂಕುಮ, ಮೂಗುತಿ, ಕಿವಿಯೋಲೆ, ಕಾಡಿಗೆ ಇವನ್ನು ಬರೆಯಲೇಬೇಕು. ಕುಂಕುಮದ ಬೊಟ್ಟು ಟೂಲಿನ ಕೈಯಲ್ಲಿ ಸ್ವಲ್ಪ ಅತ್ತಿತ್ತ ಸರಿಯುವುದು ತೀರ ಸಾಮಾನ್ಯ.

ಬರೆಯಬಾರದ ಮಾತುಗಳೂ ಇವೆ. ‘ಚೆಂದ ಮಾಡು’, ‘ಫೋಟೋ ಸುಧಾರಿಸು’, ‘ಎಚ್‌ಡಿ ಮಾಡು’, ‘ಸ್ಟುಡಿಯೋ ಫೋಟೋ ಹಾಗೆ’ ಎಂದು ಸೇರಿಸಿದರೆ ಮುಖ ನುಣುಪಾಗುವುದು, ಬಣ್ಣ ಬೆಳ್ಳಗಾಗುವುದು ಖಚಿತ. ಕಣ್ಣಿನ ಜೊತೆಗೇ ಹಿಂದಿನ ಕರ್ಟನ್ ತಿದ್ದು, ಬೆವರು ಒರೆಸು ಎಂದು ನಾಲ್ಕು ಕೆಲಸ ಒಟ್ಟಿಗೆ ಹೇಳಿದರೆ ನಾಲ್ಕೂ ಅರೆಬರೆ ಆಗುತ್ತವೆ.

ಇಡೀ ಗುಂಪಿನ ಫೋಟೋವನ್ನೇ ಕೊಡದೆ ಬೇರೆ ದಾರಿ ಇಲ್ಲವೆಂದಾದರೆ ಆಳನ್ನು ಗುರುತಿಸುವ ಮಾತಿನಲ್ಲಿ ಎಚ್ಚರ ಬೇಕು. ‘ಬಲಗಡೆಯವರು’ ಎಂದರೆ ಯಾರ ಬಲ? ‘ಫೋಟೋ ನೋಡುವವರ ಎಡಗಡೆಯಿಂದ, ಹಿಂದಿನ ಸಾಲಿನಲ್ಲಿ ಮೂರನೆಯವರು, ಕೇಸರಿ ಪಟಗಾ ತೊಟ್ಟವರು’ ಎಂದು ಸ್ಥಾನ ಮತ್ತು ಉಡುಪು ಎರಡನ್ನೂ ಹೇಳಿ. ಲಗ್ನದ ಫೋಟೋದಲ್ಲಿ ಕೇಸರಿ ಪಟಗಾ ಆರು ಮಂದಿಗೆ ಇರುತ್ತದೆ, ಉಡುಪು ಒಂದರಿಂದಲೇ ಗುರುತು ಸಿಗದು.

ಬಂದದ್ದನ್ನು ಪರೀಕ್ಷಿಸುವುದು

ಮೂರು ನಾಲ್ಕು ಸಲ ಉತ್ತರ ತರಿಸಿಕೊಳ್ಳಿ. ಪ್ರತಿ ಸಲವೂ ಮೂಲದ ತುಂಡನ್ನೇ ಹೊಸದಾಗಿ ಹಾಕಬೇಕು. ತಿದ್ದಿ ಬಂದದ್ದನ್ನೇ ಮತ್ತೆ ಕೊಟ್ಟು ‘ಇನ್ನೂ ಸ್ವಲ್ಪ ಸಣ್ಣ ಮಾಡು’ ಎನ್ನುತ್ತ ಹೋದರೆ ಪ್ರತಿ ಸುತ್ತಿನಲ್ಲೂ ಮುಖ ಸ್ವಲ್ಪ ಸ್ವಲ್ಪ ಕರಗಿ, ಕೊನೆಗೆ ಮೇಣದ ಗೊಂಬೆಯಂತಾಗುತ್ತದೆ. ಬದಲಾವಣೆ ಬೇಕಿದ್ದರೆ ಪ್ರಾಂಪ್ಟಿನಲ್ಲಿ ಒಂದು ಮಾತು ತಿದ್ದಿ ಮೊದಲಿನಿಂದ ಕೊಡಿ.

ಕಣ್ಣು ಸಹಜವೋ ಅಲ್ಲವೋ ಎಂಬುದನ್ನು ಅಳೆದು ನೋಡಬಹುದು. ದೊಡ್ಡವರ ಕಣ್ಣಿನ ಕಪ್ಪು ಗುಡ್ಡೆಯ ವ್ಯಾಸ ಸುಮಾರು 11ರಿಂದ 12 ಮಿಲಿಮೀಟರ್, ಯಾರಲ್ಲೂ ಹೆಚ್ಚು ವ್ಯತ್ಯಾಸ ಇರುವುದಿಲ್ಲ. ಕಣ್ಣಿನ ಅಗಲ 30 ಮಿಲಿಮೀಟರ್ ಆಸುಪಾಸು. ಅಂದರೆ ಗುಡ್ಡೆ ಕಣ್ಣಿನ ಅಗಲದ ಹತ್ತರಲ್ಲಿ ನಾಲ್ಕು ಭಾಗ ಇರಬೇಕು. ಕಾಕಾನ ಕಣ್ಣು ಮೂಲದಲ್ಲಿ 56 ಪಿಕ್ಸೆಲ್, ಗುಡ್ಡೆ 22 ಪಿಕ್ಸೆಲ್ ಹತ್ತಿರ ಬರಬೇಕು. 28 ಬಂದಿದ್ದರೆ ಅದು ಗೊಂಬೆ ಕಣ್ಣು, ಬಿಡಿ. ಇನ್ನೊಂದು ಗುರುತು: ಸಮಾಧಾನದಿಂದ ನೋಡುವ ಕಣ್ಣಿನಲ್ಲಿ ಮೇಲಿನ ರೆಪ್ಪೆ ಗುಡ್ಡೆಯ ಮೇಲಂಚನ್ನು 1ರಿಂದ 2 ಮಿಲಿಮೀಟರ್ ಮುಚ್ಚಿರುತ್ತದೆ, ಕೆಳಗಿನ ರೆಪ್ಪೆ ಕೆಳಅಂಚಿಗೆ ತಾಗಿಕೊಂಡಿರುತ್ತದೆ. ಗುಡ್ಡೆಯ ಮೇಲೆ ಬಿಳಿ ಕಂಡರೆ ಹೆದರಿದ ಕಣ್ಣು. ಇಂಥದ್ದು ಬಂದರೆ ಪ್ರಾಂಪ್ಟಿನಲ್ಲಿ ‘ಮೇಲಿನ ರೆಪ್ಪೆ ಕಪ್ಪು ಗುಡ್ಡೆಯ ಮೇಲಂಚನ್ನು ಸ್ವಲ್ಪ ಮುಚ್ಚಿರಲಿ’ ಎಂದು ಸೇರಿಸಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ.

ಆಮೇಲೆ ಎರಡು ಕಣ್ಣನ್ನೂ ಒಂದರ ಜೊತೆ ಒಂದು ಹೋಲಿಸಿ. ಬೆಳಕಿನ ಚುಕ್ಕೆ ಎರಡರಲ್ಲೂ ಒಂದೇ ಬದಿಗಿದೆಯೇ, ಎರಡೂ ಒಂದೇ ಕಡೆ ನೋಡುತ್ತಿವೆಯೇ? ಗುಡ್ಡೆಯ ಬಣ್ಣ ಜೇನಿನ ಬಣ್ಣಕ್ಕೆ ತಿರುಗಿದ್ದರೆ ‘ಗಾಢ ಕಂದು, ಹೆಚ್ಚುಕಡಿಮೆ ಕಪ್ಪು’ ಎಂದು ಬರೆಯಿರಿ. ಬಿಳಿಭಾಗ ಹಲ್ಲಿನ ಜಾಹೀರಾತಿನಷ್ಟು ಬೆಳ್ಳಗಿದ್ದರೆ ‘ವಯಸ್ಸಿಗೆ ತಕ್ಕಂತೆ ಮಾಸಿದ ಬಿಳಿ, ರೆಪ್ಪೆಯ ನೆರಳು ಬಿದ್ದದ್ದು’ ಎನ್ನಿ.

ಚಾಳೀಸು ಇದ್ದವರಲ್ಲಿ ತೊಂದರೆ ಹೆಚ್ಚು. ಗಾಜಿನ ಮೇಲಿದ್ದ ಲೈಟಿನ ಪ್ರತಿಬಿಂಬವನ್ನು ಟೂಲು ಅಳಿಸಿಬಿಡುತ್ತದೆ, ಇಲ್ಲವೇ ಫ್ರೇಮಿನ ಕೆಳಗಿನ ಅಂಚನ್ನು ಕೆನ್ನೆಯೊಳಗೆ ಕರಗಿಸುತ್ತದೆ. ದಪ್ಪ ಗಾಜಿನವರ ಕಣ್ಣು ಗಾಜಿನ ಹಿಂದೆ ಸಣ್ಣದಾಗಿಯೋ ದೊಡ್ಡದಾಗಿಯೋ ಕಾಣಬೇಕು, ಅದನ್ನೂ ಮರೆಯುತ್ತದೆ. ಅದಕ್ಕೇ ತೋರಿಸುವ ಫೋಟೋದಲ್ಲಿ ಅದೇ ಚಾಳೀಸು ಇರಬೇಕು ಎಂದದ್ದು. ಫ್ರೇಮ್ ಕೆಟ್ಟು ಬಂದರೂ ಕಣ್ಣು ಚೆನ್ನಾಗಿದ್ದರೆ ಚಿಂತೆಯಿಲ್ಲ, ನಾವು ಫ್ರೇಮನ್ನು ತೆಗೆದುಕೊಳ್ಳುವುದಿಲ್ಲವಲ್ಲ.

ಕೆಲವು ಸಲ ಏನೂ ಬದಲಾಗದೆ ಅದೇ ಚಿತ್ರ ಮರಳಿ ಬರುತ್ತದೆ. ಉಳಿಸಬೇಕಾದ ಪಟ್ಟಿ ಬಹಳ ಉದ್ದವಾಗಿ, ಬದಲಿಸಬೇಕಾದ ಮಾತು ಅದರಲ್ಲಿ ಮುಳುಗಿರುತ್ತದೆ. ಪಟ್ಟಿಯನ್ನು ಅರ್ಧ ಮಾಡಿ, ‘ಎರಡೂ ಕಣ್ಣು ತೆರೆದಿರಬೇಕು’ ಎಂಬುದನ್ನು ಕೊನೆಯಲ್ಲಿ ಇನ್ನೊಮ್ಮೆ ಹೇಳಿ.

ಮರಳಿ ಕೂರಿಸುವುದು

ಒಳ್ಳೆಯದೊಂದನ್ನು ಆರಿಸಿಕೊಂಡು, ಫೋಟೋಪಿಯಾದಲ್ಲಿ ಮೂಲ ಫೋಟೋ ತೆರೆದಿರುವಾಗ `File > Open & Place` ಮೂಲಕ ತನ್ನಿ. `Ctrl+J` ಮಾಡಿಟ್ಟ ಚೌಕದ ಮೇಲೆ ಮೂಲೆಗೆ ಮೂಲೆ ಹೊಂದುವಂತೆ 512×512ಕ್ಕೆ ಇಳಿಸಿ.

ಕಣ್ಣಂದಾಜಿನಲ್ಲಿ ಹೊಂದಿಸಿದರೆ ಸಾಲದು, ಟೂಲು ಮುಖವನ್ನು ಎರಡು ಮೂರು ಪಿಕ್ಸೆಲ್ ಸರಿಸಿರುತ್ತದೆ. ಲೇಯರಿನ ಬ್ಲೆಂಡ್ ಮೋಡನ್ನು `Difference` ಮಾಡಿ. ಕೆಳಗಿನದಕ್ಕೂ ಮೇಲಿನದಕ್ಕೂ ಒಂದೇ ಇರುವ ಜಾಗ ಕಪ್ಪಾಗಿಯೂ ವ್ಯತ್ಯಾಸ ಇರುವ ಜಾಗ ಬೆಳ್ಳಗೂ ಕಾಣುತ್ತದೆ. ಮೂವ್ ಟೂಲ್ ಹಿಡಿದು ಬಾಣದ ಕೀಲಿಯಿಂದ ಒಂದೊಂದೇ ಪಿಕ್ಸೆಲ್ ಸರಿಸುತ್ತ, ಮೂಗು ಮತ್ತು ಚಾಳೀಸಿನ ಫ್ರೇಮಿನ ಸುತ್ತ ಆದಷ್ಟು ಕಪ್ಪಾಗುವವರೆಗೆ ತನ್ನಿ. ಕಣ್ಣಿನ ಜಾಗ ಬೆಳಗುತ್ತಲೇ ಇರುತ್ತದೆ, ಅದೇ ಆಗಬೇಕಾದದ್ದು. ಎಷ್ಟು ಸರಿಸಿದರೂ ಮೂಗಿನ ಅಂಚು, ತುಟಿ, ಕಿವಿ ಎಲ್ಲ ಬೆಳಗುತ್ತಿದ್ದರೆ ಟೂಲು ಮುಖದ ಆಕಾರವನ್ನೇ ಬದಲಿಸಿದೆ ಎಂದರ್ಥ. ಆ ಉತ್ತರ ಬಿಟ್ಟು ಇನ್ನೊಂದು ಆರಿಸಿ. ಹೊಂದಿದ ಮೇಲೆ ಮೋಡನ್ನು ಮತ್ತೆ `Normal` ಮಾಡಿ.

ಈಗ ಆ ಲೇಯರಿಗೆ ಮಾಸ್ಕ್ ಸೇರಿಸಿ, ಮಾಸ್ಕ್ ಆಯ್ಕೆಯಲ್ಲಿರುವಾಗಲೇ `Ctrl+I` ಒತ್ತಿ. ಮಾಸ್ಕ್ ಕಪ್ಪಾಗಿ, ತಿದ್ದಿದ ಮುಖ ಪೂರ್ತಿ ಮಾಯವಾಗಿ, ಮೂಲದ ಕಾಕಾ ಕಾಣುತ್ತಾರೆ. ಬಿಳಿ ಬಣ್ಣದ ಕುಂಚ, ಅಳತೆ 20ರಿಂದ 25 ಪಿಕ್ಸೆಲ್, ಹಾರ್ಡ್‌ನೆಸ್ 0 ಇಟ್ಟುಕೊಂಡು ಕಣ್ಣಿನ ಮೇಲೆ ಮಾತ್ರ ಆಡಿಸಿ. ಮೇಲೆ ರೆಪ್ಪೆಯ ಮಡಿಕೆಯವರೆಗೆ, ಕೆಳಗೆ ರೆಪ್ಪೆಯ ಅಂಚು ದಾಟಿ ಸ್ವಲ್ಪ. ಹುಬ್ಬು ಮುಟ್ಟಬೇಡಿ, ಕಣ್ಣಿನ ಹೊರತುದಿಯ ಗೆರೆಗಳನ್ನೂ ಮುಟ್ಟಬೇಡಿ. ಆ ಎರಡರಲ್ಲೇ ಮನುಷ್ಯನ ಗುರುತು ಹೆಚ್ಚಾಗಿ ಇರುವುದು. ಮೇಲಿನ ರೆಪ್ಪೆಯ ಚರ್ಮವನ್ನು ಮಾತ್ರ ಹೊಸದರಿಂದಲೇ ತೆಗೆದುಕೊಳ್ಳಬೇಕು. ಮುಚ್ಚಿದ ಕಣ್ಣಿನ ರೆಪ್ಪೆ ಉದ್ದವಾಗಿ ಇಳಿದಿರುತ್ತದೆ, ತೆರೆದಾಗ ಮಡಿಚಿಕೊಂಡಿರುತ್ತದೆ. ಹಳೆಯದು ಚೂರು ಉಳಿದರೂ ತೆರೆದ ಕಣ್ಣಿನ ಕೆಳಗೆ ಎರಡನೇ ರೆಪ್ಪೆಗೂದಲ ಸಾಲು ಕಂಡು ವಿಚಿತ್ರವಾಗುತ್ತದೆ. ಕುಂಚ ಫ್ರೇಮಿನ ಮೇಲೆ ಹೋದರೆ ಕಪ್ಪು ಬಣ್ಣ ತೆಗೆದುಕೊಂಡು ಅಳಿಸಿ, ಮೂಲದ ಫ್ರೇಮ್ ಮತ್ತೆ ಮೇಲೆ ಬರುತ್ತದೆ.

100% ಗಾತ್ರದಲ್ಲಿ ನೋಡಿ. ಮಂಟಪದೊಳಗಿನ ಮೊಬೈಲ್ ಫೋಟೋದಲ್ಲಿ ಕೆನ್ನೆಯ ಮೇಲೆ ಸಣ್ಣ ಕಾಳುಕಾಳು ಇರುತ್ತದೆ, ಹೊಸ ಕಣ್ಣು ಮಾತ್ರ ನುಣ್ಣಗಿರುತ್ತದೆ. ಮಾಸ್ಕಿನ ಬದಲು ಲೇಯರಿನ ಚಿತ್ರವನ್ನು ಆಯ್ಕೆ ಮಾಡಿಕೊಂಡು, ತಿದ್ದಿದ ಲೇಯರಿಗೆ `Filter > Noise > Add Noise` ನಲ್ಲಿ 1ರಿಂದ 2% ಸೇರಿಸಿ ಕೆನ್ನೆಯೊಂದಿಗೆ ಹೋಲಿಸಿ. ಮೂಲ ಫೋಟೋ ಸ್ವಲ್ಪ ಮಸುಕಾಗಿದ್ದರೆ ಕಣ್ಣು ಅತಿ ಚೂಪಾಗಿ ಎದ್ದು ಕಾಣುತ್ತದೆ. ಅದಕ್ಕೆ ಮೊದಲು ಅರ್ಧ ಪಿಕ್ಸೆಲಿನ ಗಾಸಿಯನ್ ಬ್ಲರ್, ಆಮೇಲೆ ನಾಯ್ಸ್. ರೆಪ್ಪೆಯ ಚರ್ಮ ಸುತ್ತಲಿಗಿಂತ ತಿಳಿಯಾಗಿದ್ದರೆ ಕರ್ವ್ಸ್‌ನಲ್ಲಿ ತುಸು ಕೆಳಗೆ ಎಳೆಯಿರಿ.

ಈ ಹಂತದಲ್ಲಿ 400% ಜೂಮ್ ಮಾಡಿಕೊಂಡು ಗಂಟೆಗಟ್ಟಲೆ ರೆಪ್ಪೆಗೂದಲು ತಿದ್ದುತ್ತ ಕೂರುವ ಆಸೆ ಬರುತ್ತದೆ. 4000 ಪಿಕ್ಸೆಲಿನ ಫೋಟೋ 12 ಇಂಚು ಅಗಲದ ಪ್ರಿಂಟ್ ಆದಾಗ ಆ 56 ಪಿಕ್ಸೆಲಿನ ಕಣ್ಣು ಕಾಗದದ ಮೇಲೆ 4 ಮಿಲಿಮೀಟರ್ ಚಿಲ್ಲರೆ ಮಾತ್ರ. ನೋಟದ ದಿಕ್ಕು, ತೆರೆದ ಪ್ರಮಾಣ, ಬಿಳಿಯ ಬಣ್ಣ ಈ ಮೂರು ಸರಿಯಿದ್ದರೆ ಉಳಿದದ್ದು ಕಾಣುವುದಿಲ್ಲ. ಫ್ಲೆಕ್ಸ್ ಬ್ಯಾನರಿಗೆ ಹೋಗುವ ಫೋಟೋ ಆದರೆ ಮಾತು ಬೇರೆ.

ಇಬ್ಬರ ಕಣ್ಣು ಮುಚ್ಚಿದ್ದರೆ ಇಬ್ಬರದನ್ನೂ ಪ್ರತ್ಯೇಕ ಚೌಕ, ಪ್ರತ್ಯೇಕ ಪ್ರಾಂಪ್ಟ್, ಪ್ರತ್ಯೇಕ ಲೇಯರ್ ಮಾಡಿ. ನಾಲ್ಕೈದು ಮಂದಿಯದು ಮುಚ್ಚಿದ್ದರೆ ಬೇರೆ ಶಾಟನ್ನು ಆಧಾರವಾಗಿ ಇಟ್ಟುಕೊಂಡು ಅದರಲ್ಲಿ ಕೆಟ್ಟ ಒಂದೆರಡನ್ನು ತಿದ್ದುವುದು ಸುಲಭ.

ಲೇಯರ್‌ಗಳ ಸಮೇತ ಪಿಎಸ್‌ಡಿ ಒಂದನ್ನು ಇಟ್ಟುಕೊಂಡು, ಪ್ರಿಂಟಿಗೆ 95% ಗುಣಮಟ್ಟದ ಜೆಪಿಜಿ ತೆಗೆಯಿರಿ. ಫೈಲಿನ ಹೆಸರಿನಲ್ಲಿ ‘ತಿದ್ದಿದ್ದು’ ಎಂದಿರಲಿ, ಮೂಲವನ್ನು ಅಳಿಸಬೇಡಿ. ಪತ್ರಿಕೆಗೆ ಸುದ್ದಿ ಫೋಟೋ ಆಗಿ ಹೋಗುವುದು, ಕೋರ್ಟು ಕಚೇರಿಗೆ ದಾಖಲೆಯಾಗಿ ಕೊಡುವುದು, ಗುರುತಿನ ಚೀಟಿಗೆ ಹಾಕುವುದು ಇವಕ್ಕೆ ಮೂಲವೇ ಬೇಕು. ದೊಡ್ಡ ಪ್ರಿಂಟಿಗೆ ಮೊದಲು ಕಾಕಾನ ಮುಖದ ಭಾಗವನ್ನಷ್ಟೇ 4×6ರಲ್ಲಿ ಒಂದು ಹಾಕಿಸಿ, ಏನು ತಿದ್ದಿದ್ದೀರಿ ಎಂದು ಹೇಳದೆ ಕಾಕಿಯ ಕೈಗೆ ಕೊಡಿ. ಅವರು ಎರಡನೇ ಸಲ ಕಣ್ಣಿನ ಕಡೆ ನೋಡಿದರೆ ಇನ್ನೊಂದು ಉತ್ತರ ಆರಿಸಿ ಮಾಸ್ಕ್ ಮತ್ತೆ ಬಿಡಿಸಬೇಕು.